ಖಾತೆ ಒಂದು, ಹೆಸರು ಎರಡು: ಯಾವ ಸಾಲು ಯಾರದು?

"ಈ ಹತ್ತು ಸಾವಿರ ತೆಗೆದದ್ದು ಯಾರು?" ಎಂದು ಜಂಟಿ ಖಾತೆಯವರು ಪಾಸ್‌ಬುಕ್ ಹಿಡಿದು ಕೇಳಿದರೆ ಬ್ಯಾಂಕಿನವರು ಹೇಳುವುದು ಸಾಮಾನ್ಯವಾಗಿ ಇಷ್ಟೇ: "ನಿಮ್ಮಿಬ್ಬರಲ್ಲಿ ಒಬ್ಬರು ತೆಗೆದಿದ್ದೀರಮ್ಮಾ." ಕೇಳಿದವರಿಗೆ ಇದು ಜಾರಿಕೊಳ್ಳುವ ಮಾತಿನಂತೆ ಕಾಣುತ್ತದೆ. ಆದರೆ ಬ್ಯಾಂಕಿನ ಲೆಕ್ಕದಲ್ಲಿ ಇರುವುದೂ ಅಷ್ಟೇ. ಜಂಟಿ ಖಾತೆಗೆ ಒಂದೇ ಶಿಲ್ಕು. ಅದರೊಳಗೆ ಅಮ್ಮನದಿಷ್ಟು, ಮಗಳದಿಷ್ಟು ಎಂಬ ಪಾಲುಪಟ್ಟಿಯನ್ನು ಬ್ಯಾಂಕು ಇಡುವುದಿಲ್ಲ. ಒಮ್ಮೆ ಕಣಜಕ್ಕೆ ಸುರಿದ ಮೇಲೆ ಯಾವ ಕಾಳು ಯಾವ ಗದ್ದೆಯದು ಎಂದು ಕಣಜವನ್ನು ಕೇಳಿ ಉಪಯೋಗವಿಲ್ಲ.

ಹಾಗೆಂದು ಸ್ಟೇಟ್‌ಮೆಂಟ್ ಮೂಕವೂ ಅಲ್ಲ. ಪ್ರತಿ ಸಾಲಿನಲ್ಲೂ ಹಣ ಯಾವ ದಾರಿಯಿಂದ ಬಂತು, ಯಾವ ದಾರಿಯಿಂದ ಹೋಯಿತು ಎಂಬುದರ ಗುರುತಿರುತ್ತದೆ. ಆ ದಾರಿ ಹಿಡಿದು ಹೋದರೆ ವ್ಯವಹಾರ ಮಾಡಿದವರು ಯಾರೆಂದು ಬಹುಮಟ್ಟಿಗೆ ತಿಳಿಯುತ್ತದೆ. ಮಾಡಿದವರು ಯಾರೆಂದು ತಿಳಿದ ಮಾತ್ರಕ್ಕೆ ಹಣ ಯಾರದೆಂದು ತಿಳಿದಂತಾಗುವುದಿಲ್ಲ. ಅದು ಬೇರೆಯೇ ಪ್ರಶ್ನೆ. ಜಂಟಿ ಖಾತೆಯ ಜಗಳಗಳಲ್ಲಿ ಹೆಚ್ಚಿನವು ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತವೆ.

ಉದಾಹರಣೆಗೆ ಒಂದು ಖಾತೆಯನ್ನು ಕಲ್ಪಿಸಿಕೊಳ್ಳೋಣ. ಅಮ್ಮನಿಗೆ 64 ವರ್ಷ. ತಿಪಟೂರಿನ ಹತ್ತಿರ ತೆಂಗಿನ ತೋಟವಿದೆ. ಮಗಳಿಗೆ 38, ಬೆಂಗಳೂರಿನಲ್ಲಿ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಉಳಿತಾಯ ಖಾತೆಗೆ ಮಗಳ ಹೆಸರನ್ನು ಸೇರಿಸಲಾಗಿದೆ. ಮಗನೂ ಒಬ್ಬನಿದ್ದಾನೆ, ಖಾತೆಯಲ್ಲಿ ಅವನ ಹೆಸರಿಲ್ಲ.

ಮೊದಲು ಓದಬೇಕಾದದ್ದು ಅಂಕಿಗಳನ್ನಲ್ಲ

ಸ್ಟೇಟ್‌ಮೆಂಟ್ ಕೈಗೆ ಬಂದೊಡನೆ ಎಲ್ಲರ ಕಣ್ಣೂ ಕೊನೆಯ ಶಿಲ್ಕಿಗೆ ಓಡುತ್ತದೆ. ಜಂಟಿ ಖಾತೆಯಲ್ಲಿ ಮೊದಲು ನೋಡಬೇಕಾದದ್ದು ತಲೆಭಾಗವನ್ನು. ಅಲ್ಲಿ ಹೆಸರುಗಳು ಯಾವ ಕ್ರಮದಲ್ಲಿವೆ? `Mode of Operation` ಅಥವಾ `MOP` ಎಂಬಲ್ಲಿ ಏನಿದೆ? ಸ್ಟೇಟ್‌ಮೆಂಟಿನಲ್ಲಿ ಕಾಣದಿದ್ದರೆ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಹುಡುಕಬೇಕು. ಅಲ್ಲೂ ಇಲ್ಲದಿದ್ದರೆ ಶಾಖೆಯಲ್ಲಿ ಕೇಳಿ ಬರೆಸಿಕೊಳ್ಳಬೇಕು. ಯಾರು ಏನು ಮಾಡಬಹುದು ಎಂಬುದು ನಿರ್ಧಾರವಾಗುವುದು ಈ ಒಂದು ಸಾಲಿನಿಂದ.

ಮನೆಗಳಲ್ಲಿ ಹೆಚ್ಚಾಗಿ ಕಾಣುವುದು `E OR S`, ಅಂದರೆ ಈದರ್ ಆರ್ ಸರ್ವೈವರ್. ಇಬ್ಬರಲ್ಲಿ ಯಾರು ಬೇಕಾದರೂ ಒಬ್ಬರೇ ಹಣ ತೆಗೆಯಬಹುದು, ಚೆಕ್ಕಿಗೆ ಸಹಿ ಹಾಕಬಹುದು. ಒಬ್ಬರು ತೀರಿಕೊಂಡರೆ ಉಳಿದವರಿಗೆ ಬ್ಯಾಂಕು ಹಣ ಕೊಡುತ್ತದೆ. ಮೂವರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಇದೇ ಬಗೆಯ ಸೂಚನೆಗೆ ಎನಿಒನ್ ಆರ್ ಸರ್ವೈವರ್ ಎನ್ನುತ್ತಾರೆ. ಇನ್ನೊಂದು ಬಗೆ `F OR S`, ಫಾರ್ಮರ್ ಆರ್ ಸರ್ವೈವರ್. ಇಲ್ಲಿ ಹೆಸರಿನ ಕ್ರಮವೇ ಮುಖ್ಯ. ಮೊದಲ ಹೆಸರಿನವರು ಇರುವತನಕ ಖಾತೆ ನಡೆಸುವವರು ಅವರೊಬ್ಬರೇ. ಎರಡನೆಯವರ ಅಧಿಕಾರ ಶುರುವಾಗುವುದು ಅವರ ನಂತರ. ಮೂರನೆಯದು ಜಾಯಿಂಟ್ಲಿ. ಇದರಲ್ಲಿ ಎಲ್ಲರ ಸಹಿ ಇಲ್ಲದೆ ಒಂದು ರೂಪಾಯಿಯೂ ಹೊರಡದು. ಆದ್ದರಿಂದಲೇ ಇಂಥ ಖಾತೆಗೆ ಸಾಮಾನ್ಯವಾಗಿ ಎಟಿಎಂ ಕಾರ್ಡ್ ಕೊಡುವುದಿಲ್ಲ, ನೆಟ್ ಬ್ಯಾಂಕಿಂಗ್ ಕೊಟ್ಟರೂ ನೋಡುವುದಕ್ಕಷ್ಟೇ ಬಿಡುತ್ತಾರೆ.

ಹೊರದೇಶದಲ್ಲಿ ದುಡಿಯುವ ಮಕ್ಕಳ ಎನ್‌ಆರ್‌ಇ ಖಾತೆಯಲ್ಲಿ ಊರಿನ ಅಪ್ಪನದೋ ಅಮ್ಮನದೋ ಹೆಸರು ಎರಡನೆಯದಾಗಿ ಇರುವ ಮನೆಗಳು ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಬಹಳ. ಅಂಥ ಖಾತೆಗೆ ನಿಯಮದಂತೆ ಇರುವುದು ಫಾರ್ಮರ್ ಆರ್ ಸರ್ವೈವರ್ ಮಾತ್ರ. ಊರಿನವರು ಅದರಿಂದ ಹಣ ತೆಗೆಯುತ್ತಿದ್ದರೆ ಅದು ಜಂಟಿ ಹೆಸರಿನ ಬಲದಿಂದಲ್ಲ, ಮಗನೋ ಮಗಳೋ ಬರೆದುಕೊಟ್ಟ ಅಧಿಕಾರ ಪತ್ರದ ಬಲದಿಂದ.

ಈದರ್ ಆರ್ ಸರ್ವೈವರ್ ಖಾತೆಯಲ್ಲಿ ಒಬ್ಬರೇ ಪೂರ್ತಿ ಶಿಲ್ಕನ್ನು ತೆಗೆದರೂ ಬ್ಯಾಂಕು ತಡೆಯುವುದಿಲ್ಲ. ಆದರೆ ಖಾತೆಯ ಸ್ವರೂಪವನ್ನೇ ಬದಲಿಸುವ ಕೆಲಸಗಳಿಗೆ, ಅಂದರೆ ಇನ್ನೊಂದು ಹೆಸರು ಸೇರಿಸುವುದು, ಇರುವ ಹೆಸರು ತೆಗೆಯುವುದು, ನಡೆಸುವ ಸೂಚನೆಯನ್ನು ಬದಲಿಸುವುದು ಇವಕ್ಕೆಲ್ಲ ಇಬ್ಬರ ಸಹಿಯೂ ಬೇಕು. ಹಣ ತೆಗೆಯಲು ಒಂದು ಕೈ ಸಾಕು, ಕಟ್ಟಳೆ ಬದಲಿಸಲು ಎರಡೂ ಕೈ ಬೇಕು ಎಂದು ನೆನಪಿಟ್ಟುಕೊಳ್ಳಬಹುದು.

ಯಾರಿಗೆ ಏನು ಕಾಣುತ್ತದೆ

ಪ್ರತಿಯೊಬ್ಬ ಗ್ರಾಹಕರಿಗೂ ಬ್ಯಾಂಕಿನಲ್ಲಿ ಅವರದೇ ಒಂದು ಗ್ರಾಹಕ ಸಂಖ್ಯೆ ಇರುತ್ತದೆ. ಕೆಲವು ಬ್ಯಾಂಕು ಅದನ್ನು `CIF` ಎನ್ನುತ್ತವೆ, ಕೆಲವು `Customer ID` ಎನ್ನುತ್ತವೆ. ಖಾತೆ ಸಂಖ್ಯೆ ಒಂದೇ ಆದರೂ ಅಮ್ಮನ ಗ್ರಾಹಕ ಸಂಖ್ಯೆ ಬೇರೆ, ಮಗಳದು ಬೇರೆ. ಜಂಟಿ ಖಾತೆ ಈ ಎರಡಕ್ಕೂ ಅಂಟಿಕೊಂಡಿರುತ್ತದೆ. ಮಗಳು ತನ್ನ ಸಂಖ್ಯೆಯಿಂದ ಲಾಗಿನ್ ಆದರೆ ಅವಳಿಗೆ ಕಾಣುವುದು ಅವಳ ಸ್ವಂತ ಖಾತೆಗಳು ಮತ್ತು ಈ ಜಂಟಿ ಖಾತೆ. ಅಮ್ಮ ಒಬ್ಬರದೇ ಹೆಸರಿನಲ್ಲಿರುವ ಠೇವಣಿ ಅವಳಿಗೆ ಕಾಣದು. ಮಗಳ ಸಂಬಳದ ಖಾತೆ ಅಮ್ಮನಿಗೂ ಕಾಣದು. ಜಂಟಿ ಖಾತೆಯ ಸಾಲುಗಳು ಮಾತ್ರ ಇಬ್ಬರಿಗೂ ಮೊದಲಿನಿಂದ ಕೊನೆಯವರೆಗೆ ಕಾಣುತ್ತವೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುವ ವ್ಯವಸ್ಥೆ ಅಲ್ಲಿಲ್ಲ.

ಇದು ಕಾಗದದ ಮೇಲಿನ ಮಾತು. ಮನೆಯಲ್ಲಿ ನಡೆಯುವುದು ಬೇರೆ. ಅಮ್ಮನಿಗೆ ಫೋನಿನ ಗೋಜು ಬೇಡವೆಂದು ಅಮ್ಮನ ಗ್ರಾಹಕ ಸಂಖ್ಯೆಗೂ ಮಗಳ ಮೊಬೈಲ್ ನಂಬರನ್ನೇ ಕೊಟ್ಟಿರುತ್ತಾರೆ. ಆಗ ಎಸ್ಸೆಮ್ಮೆಸ್ಸೂ ಒಟಿಪಿಯೂ ಮಗಳ ಫೋನಿಗೇ ಬರುತ್ತವೆ. ಖಾತೆಯಲ್ಲಿ ಮೊದಲ ಹೆಸರು ಅಮ್ಮನದು, ಆದರೆ ಅಮ್ಮನಿಗೆ ಏನೂ ಕಾಣದು. ಅಮ್ಮನ ಕೈಯಲ್ಲಿ ಉಳಿಯುವುದು ಪಾಸ್‌ಬುಕ್ ಒಂದೇ. ಅದನ್ನು ತಿಂಗಳುಗಟ್ಟಲೆ ಮುದ್ರಿಸದೆ ಬಿಟ್ಟರೆ ಕೆಲವು ಬ್ಯಾಂಕುಗಳಲ್ಲಿ ಹಳೆಯ ವ್ಯವಹಾರಗಳೆಲ್ಲ ಸೇರಿ ಒಟ್ಟು ಮೊತ್ತವಾಗಿ ಒಂದೆರಡು ಸಾಲಿನಲ್ಲಿ ಬರುತ್ತವೆ. ಆಗ ಪಾಸ್‌ಬುಕ್ ನೋಡಿ ಏನನ್ನೂ ಪತ್ತೆಹಚ್ಚಲಾಗದು. ಆ ಅವಧಿಯ ಪೂರ್ಣ ಸ್ಟೇಟ್‌ಮೆಂಟನ್ನೇ ಕೇಳಿ ಪಡೆಯಬೇಕು. ಅಮ್ಮನ ನಂಬರು ಅಮ್ಮನ ಸಂಖ್ಯೆಗೆ, ಮಗಳ ನಂಬರು ಮಗಳ ಸಂಖ್ಯೆಗೆ ಸೇರಿದೆಯೇ ಎಂದು ಒಮ್ಮೆ ಶಾಖೆಯಲ್ಲಿ ನೋಡಿಸಿಕೊಳ್ಳುವುದು ಒಳ್ಳೆಯದು. ಯಾವ ಸಾಲು ಯಾರದೆಂದು ಮುಂದೆ ಹುಡುಕುವಾಗ ಇದೇ ಬುನಾದಿಯಾಗುತ್ತದೆ.

ಹತ್ತು ಸಾಲುಗಳ ಒಂದು ತಿಂಗಳು

ನಮ್ಮ ಅಮ್ಮ-ಮಗಳ ಖಾತೆಯ ಹಾಳೆ ಹೀಗಿದೆ ಎನ್ನೋಣ. ಬ್ಯಾಂಕಿನಿಂದ ಬ್ಯಾಂಕಿಗೆ ಬರವಣಿಗೆ ಬದಲಾಗುತ್ತದೆ, ತಿರುಳು ಇಷ್ಟೇ. ಆರಂಭದ ಶಿಲ್ಕು 1,12,640 ರೂಪಾಯಿ.

```
26-05 PMJJBY RENEWAL           -436   1,12,204
26-05 PMSBY RENEWAL             -20   1,12,184
26-05 PMSBY RENEWAL             -20   1,12,164
02-06 IMPS/515300112233      +15000   1,27,164
05-06 ACH D-MF SIP            -5000   1,22,164
09-06 ATM WDL XX4471 TIPTUR  -10000   1,12,164
12-06 NEFT CR-TRADERS        +68400   1,80,564
16-06 UPI/DR/516700445566     -1840   1,78,724
20-06 CHQ 000214 CLG         -22500   1,56,224
30-06 INT PD                   +790   1,57,014
```

ಮೊದಲ ಮೂರು ಸಾಲು ವಿಮೆಯವು. 436 ರೂಪಾಯಿ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವರ್ಷದ ಕಂತು, 20 ರೂಪಾಯಿ ಸುರಕ್ಷಾ ವಿಮೆಯದು. ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ಇವು ತಾವಾಗಿಯೇ ಕಡಿತವಾಗುತ್ತವೆ. ಒಂದೇ ದಿನ ಎರಡು ಬಾರಿ 20 ರೂಪಾಯಿ ಹೋದದ್ದನ್ನು ಕಂಡು ಬ್ಯಾಂಕಿನವರು ತಪ್ಪಿ ಎರಡು ಸಲ ಕತ್ತರಿಸಿದ್ದಾರೆ ಎಂದು ದೂರು ಕೊಡಲು ಹೊರಡುವವರಿದ್ದಾರೆ. ತಪ್ಪಿಲ್ಲ. ಜಂಟಿ ಖಾತೆಯ ಇಬ್ಬರೂ ಬೇರೆ ಬೇರೆಯಾಗಿ ಈ ಯೋಜನೆಗೆ ಸೇರಬಹುದು, ತಲೆಗೊಂದು ಕಂತು ಹೋಗುತ್ತದೆ. ಹಾಗಿದ್ದರೆ 436 ಯಾಕೆ ಒಂದೇ ಸಲ? ಉತ್ತರ ವಯಸ್ಸಿನಲ್ಲಿದೆ. ಸುರಕ್ಷಾ ವಿಮೆಗೆ 18ರಿಂದ 70 ವರ್ಷದವರು ಅರ್ಹರು, ಆದ್ದರಿಂದ ಅಮ್ಮ, ಮಗಳು ಇಬ್ಬರೂ ಇದ್ದಾರೆ. ಜೀವನ ಜ್ಯೋತಿಗೆ ಸೇರುವ ವಯಸ್ಸು 50ಕ್ಕೆ ಮುಗಿಯುತ್ತದೆ, ರಕ್ಷಣೆ 55ಕ್ಕೆ ನಿಲ್ಲುತ್ತದೆ. 64ರ ಅಮ್ಮ ಅದರಲ್ಲಿ ಇರಲಾರರು. ಹಾಗಾಗಿ 436 ಮಗಳದು, 20ರಲ್ಲಿ ಒಂದು ಅಮ್ಮನದು, ಒಂದು ಮಗಳದು. ಯಾವ ಹೆಸರನ್ನೂ ಬರೆಯದೆ ಹಾಳೆಯೇ ಉತ್ತರ ಕೊಟ್ಟಿತು.

ಇಲ್ಲೊಂದು ಎಚ್ಚರಿಕೆಯಿದೆ. ಮಗಳ ಸಂಬಳದ ಖಾತೆಯಿಂದಲೂ ಅದೇ ವಾರ 436 ಹೋಗಿದೆಯೇ ಎಂದು ನೋಡಬೇಕು. ಒಬ್ಬರಿಗೆ ಎಷ್ಟು ಖಾತೆಯಿಂದ ಕಂತು ಹೋದರೂ ಸಿಗುವ ರಕ್ಷಣೆ 2 ಲಕ್ಷವೇ. ಹೆಚ್ಚುವರಿ ಕಂತನ್ನು ಮುಟ್ಟುಗೋಲು ಹಾಕಿಕೊಳ್ಳಲು ಯೋಜನೆಯ ನಿಯಮದಲ್ಲೇ ಅವಕಾಶವಿದೆ. ಹೀಗೆ ಎರಡೆರಡು ಕಡೆ ಕಂತು ಹೋಗುತ್ತಿದ್ದರೆ ಒಂದು ಕಡೆ ಬರೆದುಕೊಟ್ಟು ನಿಲ್ಲಿಸಬೇಕು.

ನಾಲ್ಕನೆಯ ಸಾಲು 15,000ದ ಜಮೆ. ಐಎಂಪಿಎಸ್ ಎಂದರೆ ಇನ್ನೊಂದು ಖಾತೆಯಿಂದ ತಕ್ಷಣ ಬಂದ ಹಣ, ಪಕ್ಕದ ಹನ್ನೆರಡು ಅಂಕಿ ಅದರ ಉಲ್ಲೇಖ ಸಂಖ್ಯೆ. ಅದೇ ಸಂಖ್ಯೆ ಮಗಳ ಸಂಬಳದ ಖಾತೆಯ ಸ್ಟೇಟ್‌ಮೆಂಟಿನಲ್ಲಿ ಖರ್ಚಿನ ಬದಿಗೆ ಸಿಕ್ಕರೆ ಕಳಿಸಿದವರು ಯಾರೆಂಬುದು ಇತ್ಯರ್ಥ. ಆದರೆ ಯಾತಕ್ಕೆ ಕಳಿಸಿದಳು? ಅಮ್ಮನ ಮನೆಖರ್ಚಿಗೆ ಕೊಟ್ಟದ್ದಾದರೆ ಆ ಹಣ ಅಂದಿನಿಂದ ಅಮ್ಮನದು. ತನ್ನ ಕಂತುಗಳು ಇದೇ ಖಾತೆಯಿಂದ ಹೋಗುತ್ತವೆ, ಅದಕ್ಕಿರಲಿ ಎಂದು ಹಾಕಿದ್ದಾದರೆ ಅದು ಮಗಳದೇ. ಈ ವ್ಯತ್ಯಾಸ ಬ್ಯಾಂಕಿಗೆ ಗೊತ್ತಾಗದು. ಹಣ ಕಳಿಸುವಾಗ ಆ್ಯಪಿನಲ್ಲಿ ಕೇಳುವ `Remarks` ಎಂಬ ಜಾಗದಲ್ಲಿ ಎರಡು ಪದ ಬರೆದಿದ್ದರೆ ಆ ಪದಗಳೇ ಸಾಕ್ಷಿಯಾಗುತ್ತವೆ. ನಮ್ಮ ಲೆಕ್ಕದಲ್ಲಿ ಇದು ಮಗಳ ಕಂತಿಗೆ ಹಾಕಿದ ಹಣ ಎಂದಿಟ್ಟುಕೊಳ್ಳೋಣ.

ಐದನೆಯ ಸಾಲಿನ `ACH D` ಎಂದರೆ ಮೊದಲೇ ಸಹಿ ಮಾಡಿಕೊಟ್ಟ ಒಪ್ಪಿಗೆಯಂತೆ ತಾನಾಗಿ ಹೋಗುವ ಕಂತು. ಸಾಲದ ಇಎಂಐ, ಎಸ್‌ಐಪಿ, ವಿಮೆಯ ಕಂತು ಇವೆಲ್ಲ ಹೀಗೆ ಹೋಗುತ್ತವೆ. ಮ್ಯೂಚುವಲ್ ಫಂಡ್ ಆದರೆ ಹೂಡಿಕೆದಾರರ ಹೆಸರು ಆ ಬ್ಯಾಂಕ್ ಖಾತೆಯಲ್ಲಿ ಇರಲೇಬೇಕು. ಇಲ್ಲಿ ಎರಡು ಹೆಸರು ಇರುವುದರಿಂದ ಇಬ್ಬರಲ್ಲಿ ಯಾರದೂ ಆಗಿರಬಹುದು. ಹಾಳೆ ಇಷ್ಟರಮಟ್ಟಿಗೆ ಮಾತ್ರ ಹೇಳುತ್ತದೆ. ಇತ್ಯರ್ಥ ಮಾಡುವುದು ಫಂಡಿನವರ ಸ್ಟೇಟ್‌ಮೆಂಟಿನಲ್ಲಿರುವ ಫೋಲಿಯೋದ ಹೆಸರು. ಅದು ಮಗಳ ಹೆಸರಿನಲ್ಲಿದೆ. ಹೋದ 5,000 ಅವಳ ಪಾಲಿಗೆ.

ಕಾರ್ಡು ಯಾರದು, ಕೈ ಯಾರದು

ಜೂನ್ 9ರ 10,000 ರೂಪಾಯಿಯೇ ನಾವು ಶುರು ಮಾಡಿದ ಪ್ರಶ್ನೆ. ಒಂದೇ ಖಾತೆಯಾದರೂ ಅಮ್ಮನ ಡೆಬಿಟ್ ಕಾರ್ಡಿನ ಸಂಖ್ಯೆ ಬೇರೆ, ಮಗಳದು ಬೇರೆ. ಬಹಳಷ್ಟು ಬ್ಯಾಂಕುಗಳ ವಿವರಣೆಯಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿಯೂ ಎಟಿಎಂ ಇರುವ ಊರೂ ಇರುತ್ತವೆ. 4471 ಅಮ್ಮನ ಕಾರ್ಡು, ಊರು ತಿಪಟೂರು. ಹಾಗಾಗಿ ತೆಗೆದದ್ದು ಅಮ್ಮ ಎಂದು ಮಗ ತೀರ್ಮಾನಿಸಬಹುದು. ಆದರೆ ಆ ದಿನದ ಸಂಗತಿ ಹೀಗಿತ್ತು ಎಂದುಕೊಳ್ಳಿ.

"ಅಮ್ಮಾ, ಒಂಬತ್ತನೇ ತಾರೀಕು ಹತ್ತು ಸಾವಿರ ತೆಗ್ದಿದೀಯಲ್ಲ, ಏನಕ್ಕೆ?"

"ನಾನೆಲ್ಲಿ ಹೋಗಿದ್ನವ್ವಾ ಎಟಿಎಮ್ಮಿಗೆ? ನೀನೇ ಬಂದಿದ್ಯಲ್ಲ ಆವತ್ತು, ನನ್ ಕಾರ್ಡ್ ತಗೊಂಡೋಗಿ ತಂದಿದ್ದು. ಏಳು ಸಾವಿರ ಕಾಯಿ ಸುಲಿಯೋರಿಗೆ ಕೊಟ್ವಿ, ಮೂರು ನೀನಿಟ್ಕೊಂಡೆ."

ಕಾರ್ಡಿನ ಅಂಕಿ ಹೇಳುವುದು ಯಾವ ಕಾರ್ಡು ಎಂದು ಮಾತ್ರ, ಯಾರ ಕೈ ಎಂದಲ್ಲ. ಕಾರ್ಡು, ಪಿನ್ನು ಎರಡನ್ನೂ ಮನೆಯವರ ಕೈಗೆ ಕೊಡುವ ರೂಢಿ ಇರುವತನಕ ಈ ಸುಳಿವು ಅರ್ಧ ಸತ್ಯವೇ. ಮಗಳು ತನ್ನ ಕಾರ್ಡನ್ನೇ ಬಳಸಿದ್ದರೆ ಹಾಳೆಯೇ ಸರಿಯಾಗಿ ಹೇಳುತ್ತಿತ್ತು. ಇಬ್ಬರಿಗೂ ಬೇರೆ ಕಾರ್ಡ್ ಇರುವುದರ ಉಪಯೋಗವೇ ಅದು.

ಜೂನ್ 12ರ ಜಮೆ ಸುಲಭದ್ದು. ಕೊಬ್ಬರಿ ಮಾರಿದ ಹಣ, ವರ್ತಕರ ಖಾತೆಯಿಂದ ನೆಫ್ಟ್ ಮೂಲಕ ಬಂದಿದೆ. ಮಾರಾಟದ ಬಿಲ್ಲು ಅಮ್ಮನ ಹೆಸರಿನಲ್ಲಿದೆ, ತೋಟವೂ ಅಮ್ಮನದು. ಬಿಲ್ಲಿನ ಮೊತ್ತಕ್ಕೂ ಜಮೆಗೂ ತಾಳೆಯಾದರೆ ಬಿಲ್ಲಿನ ಬೆನ್ನಿಗೆ ಜಮೆಯ ತಾರೀಕು ಬರೆದಿಟ್ಟರೆ ಸಾಕು.

ಹೆಚ್ಚು ತೊಡಕು ಇರುವುದು ಯುಪಿಐ ಸಾಲಿನಲ್ಲಿ. ಹಣ ಹೋದಾಗ ವಿವರಣೆಯಲ್ಲಿ ಸಾಮಾನ್ಯವಾಗಿ ಕಾಣುವುದು ಪಡೆದವರ ಹೆಸರು. ಕಳಿಸಿದವರು ಅಮ್ಮನೋ ಮಗಳೋ ಎಂದು ಇರುವುದಿಲ್ಲ, ಏಕೆಂದರೆ ಕಳಿಸಿದ್ದು "ಈ ಖಾತೆ" ಎಂದಷ್ಟೇ ಹಾಳೆಯ ಲೆಕ್ಕ. ಆದರೆ ಯುಪಿಐ ಹುಟ್ಟುವುದು ಫೋನಿನಲ್ಲಿ. ಫೋನಿನ ಆ್ಯಪ್ ತೋರಿಸುವುದು ಅದರಲ್ಲಿ ನೋಂದಾಯಿಸಿಕೊಂಡ ವ್ಯಕ್ತಿ ಮಾಡಿದ ಪಾವತಿಗಳನ್ನು. ಜಂಟಿ ಖಾತೆಯ ಇನ್ನೊಬ್ಬರು ತಮ್ಮ ಫೋನಿನಿಂದ ಮಾಡಿದ್ದು ಅಲ್ಲಿ ಬರುವುದಿಲ್ಲ. ಆದ್ದರಿಂದ ವಿಧಾನ ಇದು: ಸ್ಟೇಟ್‌ಮೆಂಟಿನಿಂದ ಹನ್ನೆರಡು ಅಂಕಿಯ ಸಂಖ್ಯೆಯನ್ನು ಬರೆದುಕೊಳ್ಳಿ. ಅಮ್ಮನ ಫೋನಿನ ಆ್ಯಪ್, ಮಗಳ ಫೋನಿನ ಆ್ಯಪ್ ಎರಡರಲ್ಲೂ ಆ ತಾರೀಕಿನ, ಆ ಮೊತ್ತದ ಪಾವತಿಯನ್ನು ತೆರೆದು, ಅಲ್ಲಿರುವ ಯುಪಿಐ ಸಂಖ್ಯೆಯೊಂದಿಗೆ ಹೋಲಿಸಿ. ಯಾವ ಫೋನಿನಲ್ಲಿ ಹನ್ನೆರಡೂ ಅಂಕಿ ಹೊಂದುತ್ತವೆಯೋ ಪಾವತಿ ಅಲ್ಲಿಂದ ಹೋಗಿದೆ. ಒಬ್ಬರು ಎರಡು ಮೂರು ಆ್ಯಪ್ ಬಳಸುತ್ತಿದ್ದರೆ ಎಲ್ಲವನ್ನೂ ನೋಡಬೇಕು. ಯಾವುದರಲ್ಲೂ ಸಿಗದಿದ್ದರೆ ಆಗ ಚಿಂತಿಸಬೇಕಾದ ಮಾತು. ಬ್ಯಾಂಕಿಗೆ ತಡಮಾಡದೆ ತಿಳಿಸಿ, ಹೊರಗಿನವರ ವಂಚನೆ ಎನಿಸಿದರೆ 1930ಕ್ಕೆ ಕರೆ ಮಾಡಬೇಕು. ಹೊರಗಿನವರ ಕೈವಾಡದಿಂದ ಹಣ ಹೋಗಿದ್ದು, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದಿದ್ದಾಗ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟ ತಟ್ಟದಂತೆ ರಿಸರ್ವ್ ಬ್ಯಾಂಕು 2017ರಲ್ಲಿ ನಿಯಮ ಮಾಡಿದೆ.

ನಮ್ಮ ಹಾಳೆಯ 1,840 ಮಗಳ ಫೋನಿನಲ್ಲಿ ಸಿಕ್ಕಿತು. ಬೆಂಗಳೂರಿನ ಮೆಡಿಕಲ್ ಶಾಪಿಗೆ ಕೊಟ್ಟದ್ದು. ಬಿಲ್ ನೋಡಿದರೆ ಅದು ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ. ಪಾವತಿಸಿದ್ದು ಮಗಳು, ಖರ್ಚು ಅಮ್ಮನದು. ಎಟಿಎಂ ಸಾಲಿನಲ್ಲಿ ಕಾರ್ಡು ಅಮ್ಮನದಾಗಿದ್ದು ಹಣದ ಒಂದು ಭಾಗ ಮಗಳಿಗೆ ಹೋಗಿತ್ತು, ಇಲ್ಲಿ ಅದರ ತಿರುಗುಮುರುಗು.

ಕೊನೆಯದಾಗಿ ಚೆಕ್ಕು. ಹಾಳೆಯಲ್ಲಿ ಚೆಕ್ ಸಂಖ್ಯೆ ಇದೆ, ಸಹಿ ಮಾಡಿದವರ ಹೆಸರಿಲ್ಲ. ಚೆಕ್ ಪುಸ್ತಕದ ಎಡಬದಿಯ ಚೂರಿನಲ್ಲಿ ಬರೆದಿಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಬರೆದಿಲ್ಲದಿದ್ದರೂ ದಾರಿಯಿದೆ. ಈಗ ಚೆಕ್ಕುಗಳು ಚಿತ್ರರೂಪದಲ್ಲೇ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಸಂಖ್ಯೆ ಮತ್ತು ತಾರೀಕು ಬರೆದು ಅರ್ಜಿ ಕೊಟ್ಟರೆ ಶಾಖೆಯಿಂದ ಆ ಚಿತ್ರದ ಪ್ರತಿ ಪಡೆಯಬಹುದು. ಯಾರ ಸಹಿ, ಯಾರ ಹೆಸರಿಗೆ ಎರಡೂ ಅದರಲ್ಲಿ ಕಾಣುತ್ತವೆ. 214ನೇ ಚೆಕ್ಕು ಅಮ್ಮನ ಮನೆಯ ಹೆಂಚು ಬದಲಿಸಿದ ಮೇಸ್ತ್ರಿಗೆ, ಸಹಿ ಅಮ್ಮನದು.

ಪಾಲು ಹಾಕಿ ನೋಡಿದರೆ

ಈಗ ಒಂದು ಹಾಳೆಯಲ್ಲಿ ಎರಡು ಅಂಕಣ ಎಳೆಯಬಹುದು. ಆರಂಭದ ಶಿಲ್ಕಿನಲ್ಲಿ 90,000 ಅಮ್ಮನದು, 22,640 ಮಗಳದು ಎಂದು ಹಿಂದಿನ ಲೆಕ್ಕದಲ್ಲಿ ಒಪ್ಪಿಕೊಂಡಿದ್ದಾರೆ ಎನ್ನೋಣ. ಅಮ್ಮನ ಅಂಕಣಕ್ಕೆ ಕೊಬ್ಬರಿಯ 68,400 ಸೇರುತ್ತದೆ. ವಿಮೆಯ 20, ಕೂಲಿಯ 7,000, ಮಾತ್ರೆಯ 1,840, ಹೆಂಚಿನ 22,500 ಕಳೆದರೆ 1,27,040 ಉಳಿಯುತ್ತದೆ. ಮಗಳ ಅಂಕಣಕ್ಕೆ 15,000 ಸೇರಿ, ವಿಮೆಗಳ 456, ಎಸ್‌ಐಪಿಯ 5,000, ಕೈಗೆ ತೆಗೆದುಕೊಂಡ 3,000 ಕಳೆದರೆ 29,184. ಎರಡನ್ನೂ ಕೂಡಿದರೆ 1,56,224 ಬರುತ್ತದೆ. ಬಡ್ಡಿ ಬರುವ ಮುಂಚಿನ ಶಿಲ್ಕು ಹಾಳೆಯಲ್ಲಿ ಅಷ್ಟೇ ಇದೆ. ಎರಡು ಅಂಕಣದ ಮೊತ್ತ ಬ್ಯಾಂಕಿನ ಶಿಲ್ಕಿಗೆ ಹೊಂದದಿದ್ದರೆ ಯಾವುದೋ ಸಾಲು ಬಿಟ್ಟುಹೋಗಿದೆ ಅಥವಾ ಎರಡು ಸಲ ಎಣಿಸಲಾಗಿದೆ ಎಂದೇ ಅರ್ಥ.

ಉಳಿದದ್ದು 790ರ ಬಡ್ಡಿ. ಇದಕ್ಕೆ ಕಾರ್ಡೂ ಇಲ್ಲ, ಫೋನೂ ಇಲ್ಲ. ಪ್ರತಿ ದಿನದ ಶಿಲ್ಕಿನ ಮೇಲೆ ಲೆಕ್ಕ ಹಾಕಿ ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಹಾಕುತ್ತಾರೆ. ಆರಂಭದಲ್ಲಿ ಅವರ ಪಾಲು ಹೆಚ್ಚುಕಡಿಮೆ ನಾಲ್ಕಕ್ಕೆ ಒಂದರಂತೆ ಇತ್ತು, ಆದ್ದರಿಂದ 632 ಅಮ್ಮನಿಗೆ, 158 ಮಗಳಿಗೆ ಎಂದು ಹಂಚಿಕೊಂಡರೆ ನ್ಯಾಯಕ್ಕೆ ಹತ್ತಿರ. ಮೊತ್ತ ಸಣ್ಣದು, ತತ್ವ ಮಾತ್ರ ದೊಡ್ಡ ಶಿಲ್ಕಿಗೂ ಇದೇ. ಆದಾಯ ತೆರಿಗೆಯ ಕಣ್ಣಿಗೆ ಬಡ್ಡಿ ಸೇರಬೇಕಾದದ್ದು ಹಣ ಯಾರದೋ ಅವರಿಗೆ. ಆದರೆ ಬ್ಯಾಂಕು ಸಾಮಾನ್ಯವಾಗಿ ಪೂರ್ತಿ ಬಡ್ಡಿಯನ್ನು ಮೊದಲ ಹೆಸರಿನವರ ಪ್ಯಾನ್ ಸಂಖ್ಯೆಗೆ ವರದಿ ಮಾಡುತ್ತದೆ, ಅದು ತೆರಿಗೆ ಜಾಲತಾಣದ `AIS` ಪಟ್ಟಿಯಲ್ಲಿ ಅವರ ಆದಾಯವಾಗಿ ಕಾಣುತ್ತದೆ. ಅಲ್ಲಿ ಪ್ರತಿ ಸಾಲಿಗೂ ಪ್ರತಿಕ್ರಿಯೆ ಕೊಡುವ ಸೌಲಭ್ಯವಿದೆ. ಮಾಹಿತಿ ಬೇರೆ ಪ್ಯಾನಿಗೆ ಸೇರಿದ್ದು ಎಂಬ ಆಯ್ಕೆಯೂ ಅದರಲ್ಲಿದೆ. ಹಾಗೆ ತೋರಿಸುವವರ ಬಳಿ ಮೇಲಿನ ಎರಡು ಅಂಕಣದಂಥ ಲೆಕ್ಕ ಇರಬೇಕು.

ಬ್ಯಾಂಕು ಉತ್ತರಿಸದ ಪ್ರಶ್ನೆ

ಈದರ್ ಆರ್ ಸರ್ವೈವರ್ ಖಾತೆಯಿಂದ ಮಗಳು ಒಂದು ಲಕ್ಷ ತೆಗೆದಳು, ಅಮ್ಮನಿಗೆ ಒಪ್ಪಿಗೆ ಇರಲಿಲ್ಲ ಎಂದುಕೊಳ್ಳಿ. ಬ್ಯಾಂಕಿನ ದೃಷ್ಟಿಯಲ್ಲಿ ಅದು ಅನಧಿಕೃತ ವ್ಯವಹಾರವಲ್ಲ. ಅಧಿಕಾರ ಕೊಟ್ಟವರು ಖಾತೆ ತೆರೆದಾಗ ಸಹಿ ಮಾಡಿದ ಅಮ್ಮನೇ. ಮೇಲೆ ಹೇಳಿದ ಮೂರು ದಿನದ ನಿಯಮ ಇಲ್ಲಿ ಕೆಲಸಕ್ಕೆ ಬಾರದು. ಅಮ್ಮ ಮಾಡಬಹುದಾದದ್ದು ಮುಂದಿನದನ್ನು ತಡೆಯುವುದು. ನಮ್ಮಲ್ಲಿ ವಿವಾದವಿದೆ, ಒಬ್ಬರ ಸಹಿಯ ಮೇಲೆ ಹಣ ಕೊಡಬೇಡಿ ಎಂದು ಶಾಖೆಗೆ ಲಿಖಿತವಾಗಿ ಕೊಟ್ಟರೆ ಬ್ಯಾಂಕುಗಳು ಸಾಮಾನ್ಯವಾಗಿ ಇಬ್ಬರೂ ಕೂಡಿ ಬರೆದುಕೊಡುವವರೆಗೆ ವ್ಯವಹಾರ ತಡೆಹಿಡಿಯುತ್ತವೆ. ಕೊಟ್ಟ ಪತ್ರದ ಪ್ರತಿಯ ಮೇಲೆ ತಾರೀಕು ಸಹಿತ ಮೊಹರು ಹಾಕಿಸಿಕೊಳ್ಳಬೇಕು. ಹೋದ ಹಣದ ಮಾತನ್ನು ಮನೆಯಲ್ಲೋ ನ್ಯಾಯಾಲಯದಲ್ಲೋ ತೀರಿಸಿಕೊಳ್ಳಬೇಕು.

ಅಮ್ಮನಿಗೆ ಬೇಕಾದದ್ದು ಬ್ಯಾಂಕಿಗೆ ಓಡಾಡಲು ಒಬ್ಬರ ನೆರವು ಮಾತ್ರವಾದರೆ ಹೆಸರು ಸೇರಿಸುವ ಅಗತ್ಯವೇ ಇಲ್ಲ. ಮ್ಯಾಂಡೇಟ್ ಎಂಬ ಪತ್ರ ಕೊಟ್ಟು ಮಗಳಿಗೆ ಖಾತೆ ನಡೆಸುವ ಅಧಿಕಾರ ನೀಡಬಹುದು. ಆಗ ಮಗಳು ಅಮ್ಮನ ಪರವಾಗಿ ಸಹಿ ಮಾಡುವವಳಾಗುತ್ತಾಳೆ, ಖಾತೆದಾರಳಾಗುವುದಿಲ್ಲ. ಅಮ್ಮ ಅದನ್ನು ಒಬ್ಬರೇ ಹಿಂತೆಗೆದುಕೊಳ್ಳಬಹುದು, ಅಮ್ಮನ ಕಾಲದ ನಂತರ ಅದು ತಾನಾಗಿ ಅಳಿಯುತ್ತದೆ.

ಸರ್ವೈವರ್ ಎಂಬ ಮಾತಿನ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ಅಮ್ಮ ತೀರಿಕೊಂಡರೆ ಬ್ಯಾಂಕು ಹಣವನ್ನು ಮಗಳಿಗೆ ಕೊಡುತ್ತದೆ, ನ್ಯಾಯಾಲಯದ ತಡೆ ಇಲ್ಲದಿದ್ದರೆ ಅಲ್ಲಿಗೆ ಬ್ಯಾಂಕಿನ ಹೊಣೆ ತೀರಿತು. ಅಷ್ಟರಿಂದ ಅಮ್ಮನ ಪಾಲು ಮಗಳ ಸ್ವಂತವಾಗುವುದಿಲ್ಲ. ರಿಸರ್ವ್ ಬ್ಯಾಂಕಿನ ಸೂಚನೆಯ ಪ್ರಕಾರ ಉಳಿದವರು ಆ ಹಣವನ್ನು ವಾರಸುದಾರರ ಪರವಾಗಿ ಪಡೆಯುವವರಷ್ಟೇ. ಖಾತೆಯಲ್ಲಿ ಹೆಸರಿಲ್ಲದ ಮಗನೂ ವಾರಸುದಾರನೇ. ನಾಮಿನಿಯ ಮಾತು ಬರುವುದು ಇನ್ನೂ ಆಮೇಲೆ. ಜಂಟಿ ಖಾತೆಯಲ್ಲಿ ಖಾತೆದಾರರೆಲ್ಲ ತೀರಿಕೊಂಡ ಮೇಲಷ್ಟೇ ನಾಮಿನಿಯ ಸರದಿ.

ಆಗ ಮಗ ಬಂದು 1,57,014ರಲ್ಲಿ ನನಗೆಷ್ಟು ಎಂದು ಕೇಳಿದರೆ, ಎರಡು ಅಂಕಣದ ಲೆಕ್ಕ ಇಲ್ಲದ ಮನೆಯಲ್ಲಿ ಮಗಳು ತನ್ನ ಪಾಲಿನ 29,342 ರೂಪಾಯಿಯನ್ನೂ ತನ್ನದೆಂದು ತೋರಿಸಲು ತಿಣುಕಬೇಕಾಗುತ್ತದೆ. ಲೆಕ್ಕ ಇರುವ ಮನೆಯಲ್ಲಿ ಅಮ್ಮನ 1,27,672 ರೂಪಾಯಿಯ ಬಗ್ಗೆ ಮಾತ್ರ ಮಾತಾಡಿದರೆ ಸಾಕು. ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಮುದ್ರಿಸಿ, ಪ್ರತಿ ಸಾಲಿನ ಪಕ್ಕದಲ್ಲಿ "ಅ" ಅಥವಾ "ಮ" ಎಂದು ಬರೆದು, ಇಬ್ಬರೂ ಕೆಳಗೆ ಸಹಿ ಹಾಕಿ ಫೈಲಿಗೆ ಸೇರಿಸುವುದಕ್ಕೆ ಹಿಡಿಯುವುದು ಕಾಲು ಗಂಟೆ. ಬಿಲ್ಲು, ಚೆಕ್ಕಿನ ಚೂರು, ಫೋನಿನ ಪಾವತಿ ವಿವರ ಎಲ್ಲ ಇನ್ನೂ ಕೈಗೆಟುಕುವಾಗಲೇ ಇದನ್ನು ಮಾಡಬೇಕು. ಮೂರು ವರ್ಷದ ಮೇಲೆ ಹುಡುಕಲು ಹೊರಟರೆ ಹಾಳೆ ಬ್ಯಾಂಕಿನಲ್ಲಿ ಸಿಗುತ್ತದೆ, ಏಳು ಸಾವಿರ ಯಾರಿಗೆ, ಮೂರು ಸಾವಿರ ಯಾರಿಗೆ ಎಂಬ ನೆನಪು ಎಲ್ಲೂ ಸಿಗುವುದಿಲ್ಲ.